ಹುಣಸೆಹಣ್ಣು ಹಚ್ಚೋಕೆ ಮುಂಚೆ ಒಂದು ಫೋಟೋ ತೆಗೀರಿ

ಹೋದ ದೀಪಾವಳಿಗೆ ನಾವು ಮೂವರು ಅಕ್ಕತಂಗಿಯರು ನ್ಯಾಮತಿಗೆ ತೌರುಮನೆಗೆ ಹೋಗಿದ್ವಿ. ಅಕ್ಕ ಹೊನ್ನಾಳಿಯಿಂದ, ತಂಗಿ ಜಗಳೂರಿಂದ, ನಾನು ಚನ್ನಗಿರಿಯಿಂದ. ಅವ್ವಗೆ ಎಂಬತ್ತು ದಾಟೈತೆ. ಹಿಂದಿನದೆಲ್ಲ ಚೆನ್ನಾಗಿ ನೆನಪೈತೆ, ಆದರೆ ಬೆಳಿಗ್ಗೆ ಏನು ತಿಂದೆ ಅಂದ್ರೆ ತಡಬಡಾಯಿಸ್ತಾಳೆ. ಅದಕ್ಕೇ ಈ ಸಲ ಅಟ್ಟದ ಮೇಲಿನ ಹಳೇ ಸಾಮಾನೆಲ್ಲ ಇಳಿಸಿ, ಪಟ್ಟಿ ಮಾಡಿ, ಫೋಟೋ ತೆಗೆದು ಇಡೋಣ ಅಂತ ಮಾತಾಗಿತ್ತು. ಮುಂದೆ ಯಾರಾದ್ರೂ ಬೆಲೆ ಕಟ್ಟೋರಿಗೆ ತೋರಿಸೋದಾದ್ರೆ, ಇಲ್ಲ ಹಂಚಿಕೊಳ್ಳೋದಾದ್ರೆ, ಅನುಕೂಲ ಆಗ್ತೈತೆ ಅಂತ.

ನಾನು ಹೋಗೋ ಹೊತ್ತಿಗೆ ಅಕ್ಕ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಉಪ್ಪು ಹಾಕಿ ಒಂದು ತಾಮ್ರದ ಕೊಡ ತಿಕ್ಕೋಕೆ ಶುರು ಮಾಡಿದ್ಲು. "ಫೋಟೋದಾಗೆ ಲಕಲಕ ಅನ್ನಬೇಕಲ್ಲ" ಅಂದ್ಲು. ಅವಳ ಮನಸ್ಸು ಒಳ್ಳೇದೇ. ಆದರೆ ನಾನು ಅಲ್ಲೇ ತಡೆದೆ. ಹಳೇ ಪಾತ್ರೆಗೆ ಹೆಸರು ಹಾಕಿಸ್ತಿದ್ದದ್ದು ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆದು. ಆ ಚುಕ್ಕಿ ಬಲು ಮೇಲುಮೇಲೆ ಇರ್ತಾವೆ. ವರ್ಷ ವರ್ಷ ಹುಳಿ ಹಚ್ಚಿ ತಿಕ್ಕಿ ತಿಕ್ಕಿ ಅವು ಸವೆದು ಹೋಗ್ತಾವೆ. ಇನ್ನೊಂದು, ಹಳೇ ತಾಮ್ರಕ್ಕೆ ಬಂದಿರೋ ಕಂದು ಬಣ್ಣ ಕೊಳೆ ಅಲ್ಲ. ಅದು ವಯಸ್ಸಿನ ಗುರುತು, ನೋಡೋಕೆ ಬರೋರಿಗೆ ಬೇಕು. ಒಮ್ಮೆ ಹೋದ್ರೆ ಮತ್ತೆ ಬರೋಕೆ ಎಷ್ಟೋ ವರ್ಷ ಬೇಕು. ಧೂಳು ಇದ್ರೆ ಒಣಬಟ್ಟೆಲಿ ಒರೆಸಿ, ಅಷ್ಟು ಸಾಕು.

ಆ ಕೊಡ ನಮ್ಮ ಮುತ್ತಜ್ಜಿದು, ನೂರು ವರ್ಷದ್ದು ಅಂತ ನಾವೆಲ್ಲ ಹುಟ್ಟಿದಾಗಿಂದ ಕೇಳ್ಕೊಂಡು ಬಂದಿದ್ವಿ. ಪಟ್ಟಿಯಲ್ಲಿ ಅದಕ್ಕೆ 14ನೇ ನಂಬರು ಕೊಟ್ವಿ. ನಂಬರನ್ನ ಪಾತ್ರೆ ಮೇಲೆ ಪೆನ್ನಲ್ಲಿ ಬರೀಲಿಲ್ಲ, ಟೇಪು ಅಂಟಿಸಲಿಲ್ಲ. ಟೇಪಿನ ಅಂಟು ಲೋಹದ ಮೇಲೆ ಕಲೆ ಮಾಡ್ತೈತೆ. ರಟ್ಟಿನ ಚೂರಿಗೆ ಪೆನ್ಸಿಲ್ಲಲ್ಲಿ 14 ಅಂತ ಬರೆದು ನೂಲಿಂದ ಕಂಠಕ್ಕೆ ಕಟ್ಟಿದ್ವಿ. ಸೀರೆ ಆದ್ರೆ ಬಟ್ಟೆ ಚೂರಿನ ಮೇಲೆ ಬರೆದು ಅಂಚಿಗೆ ಎರಡು ಹೊಲಿಗೆ ಹಾಕಿದ್ರೆ ಆಯ್ತು. ಕೊಟ್ಟ ನಂಬರು ಮತ್ತೊಂದಕ್ಕೆ ಕೊಡಬಾರದು, ಆ ಸಾಮಾನು ಮನೆಯಿಂದ ಹೋದ್ರೂ ಸೈತ. ಮುಚ್ಚಳ ಬೇರೆ ಇದ್ರೆ 14ಅ, 14ಆ ಅಂತ ಮಾಡ್ರಿ, ಇಲ್ಲದಿದ್ರೆ ಮುಚ್ಚಳ ಒಂದು ಮನೆ, ಡಬ್ಬಿ ಒಂದು ಮನೆ ಸೇರ್ತೈತೆ.

ಅಳತೆ ಸೆಂಟಿಮೀಟರಲ್ಲಿ ಬರೆದ್ವಿ. ಎತ್ತರ 31, ಬಾಯಿ ಅಗಲ 15, ಹೊಟ್ಟೆ ಸುತ್ತಳತೆ ದರ್ಜಿ ಟೇಪಲ್ಲಿ 91. ಬುಡದ ಹತ್ರ ಬೆಸುಗೆ ಹಾಕಿದ ಜಾಗ, ಎಡಕ್ಕೆ ಒಂದು ನೆಗ್ಗು, ಅದನ್ನೂ ಬರೆದ್ವಿ. ನೆಗ್ಗು ಬರೆಯೋಕೆ ನಾಚಿಕೆ ಬೇಡ. ಒಂದೇ ಥರದ ನೂರು ಕೊಡದಾಗೆ ಇದು ನಮ್ಮದು ಅಂತ ಹೇಳೋದು ಆ ನೆಗ್ಗೇ.

ಫೋಟೋ ತೆಗೆಯೋವಾಗ ಮೊಬೈಲಿನ ಫ್ಲ್ಯಾಷ್ ಆರಿಸ್ರಿ, ಇಲ್ಲಾಂದ್ರೆ ಲೋಹದ ಮೇಲೆ ಬಿಳೀ ಹೊಳಪು ಬಿಟ್ಟು ಏನೂ ಕಾಣಲ್ಲ. ಕಿಟಕಿ ಪಕ್ಕ ಒಂದೇ ಬಣ್ಣದ ಬಟ್ಟೆ ಹಾಸಿ, ಪಕ್ಕದಲ್ಲಿ ಮಕ್ಕಳ ಸ್ಕೇಲು, ನಂಬರು ಚೀಟಿ ಇಟ್ಟು, ಮುಂದೆ, ಹಿಂದೆ, ಬುಡ ಮೂರೂ ತೆಗೀರಿ. ಕಂಠದ ಮೇಲೆ ಬರಿಗಣ್ಣಿಗೆ ಏನೋ ಗೀಚಿದಂಗೆ ಇತ್ತು. ತಂಗಿ ಬಾಗಿಲು ಹಾಕಿ, ಇನ್ನೊಂದು ಮೊಬೈಲಿನ ಟಾರ್ಚನ್ನ ನೇರ ಹಿಡೀದೆ, ಪಕ್ಕದಿಂದ ಪಾತ್ರೆಗೆ ತಾಗಿದಂಗೆ ಹಿಡಿದ್ಲು. ಚುಕ್ಕಿಗಳ ನೆರಳು ಬಿತ್ತು ನೋಡ್ರಿ, ಅಕ್ಷರ ಎದ್ದು ಬಂದ್ವು. ಒಂದು ಹೆಣ್ಣಿನ ಹೆಸರು, ಮುಂದೆ 1958.

ನೂರು ವರ್ಷದ ಕಥೆ ಅಲ್ಲಿಗೆ ಮುಗೀತು. ಆ ಹೆಸರು ಮುತ್ತಜ್ಜಿದೂ ಅಲ್ಲ. ಅವ್ವಗೆ ಓದಿ ಹೇಳಿದ್ವಿ. ಅವ್ವ ಕೊಡ ತೊಡೆ ಮೇಲೆ ಇಟ್ಕೊಂಡು ಬಾಳ ಹೊತ್ತು ಸುಮ್ಮನೆ ಕೂತಳು. ಆಮೇಲೆ, "ನಮ್ಮಕ್ಕಂದು ಕಣ್ರೇ" ಅಂದ್ಲು. ಅವ್ವಗೊಬ್ಬ ಅಕ್ಕ ಇದ್ದದ್ದೇ ನಮಗೆ ಗೊತ್ತಿರಲಿಲ್ಲ. ಮದುವೆಗೆ ಕೊಟ್ಟ ಕೊಡವಂತೆ. ಎರಡೇ ವರ್ಷಕ್ಕೆ ಮೊದಲ ಹೆರಿಗೆಲಿ ತೀರ್ಕೊಂಡ್ಲಂತೆ. ಅತ್ತೆ ಮನೆಯೋರು ಗಾಡಿಲಿ ಪಾತ್ರೆ ವಾಪಸ್ ಕಳಿಸಿದ್ರಂತೆ. ನಮ್ಮಜ್ಜಿ ಆ ಹೆಸರು ಎತ್ತೋಕೆ ಬಿಡ್ತಿರಲಿಲ್ಲವಂತೆ. ಅಕ್ಕ ಇನ್ನೊಂದೆರಡು ದೀಪಾವಳಿ ಹಂಗೇ ತಿಕ್ಕಿದ್ದಿದ್ರೆ ಆ ಹೆಸರು ಪೂರ್ತಿ ಹೋಗ್ತಿತ್ತು.

ಆ ಪುಸ್ತಕದಲ್ಲಿ ನಾವು ಎರಡು ಸಾಲು ಬೇರೆ ಬೇರೆ ಬರೆದ್ವಿ. ಪಾತ್ರೆ ಮೇಲೆ ಇರೋದು ಒಂದು ಸಾಲು, ಇದ್ದದ್ದು ಇದ್ದಂಗೆ. ಬಾಯಿಮಾತು ಇನ್ನೊಂದು ಸಾಲು, ಯಾರು ಹೇಳಿದ್ರು, ಯಾವತ್ತು ಹೇಳಿದ್ರು ಅಂತ ಸೇರಿಸಿ. ಎರಡನ್ನೂ ಕಲಸಿದ್ರೆ ಮುಂದಿನೋರಿಗೆ ಯಾವುದು ನಂಬಬೇಕು ಗೊತ್ತಾಗಲ್ಲ. ನೂರು ವರ್ಷದ ಮುತ್ತಜ್ಜಿ ಕೊಡ ಹುಟ್ಟಿದ್ದೂ ಹಂಗೇ.

ತಂಗಿಗೂ ನನಗೂ ಜಗಳ ಆಗಿದ್ದು ಬೆಲೆ ವಿಷಯಕ್ಕೆ. ಪಟ್ಟಿಲಿ ಬೆಲೆ ಬರೀದೆ ಇದ್ರೆ ಪಟ್ಟಿ ಯಾಕೆ ಅಂತ ಅವಳು. ಬೆಲೆ ಜಾಗ ಖಾಲಿ ಬಿಡಬೇಕು ಅಂತ ನಾನು. ಇವತ್ತು ನಾವು ಊಹೆ ಮಾಡಿ ಬರೆದ ಬೆಲೆ ನಾಳೆ ಮಕ್ಕಳ ಬಾಯಲ್ಲಿ ಖಾತ್ರಿ ಆಗಿಬಿಡ್ತೈತೆ. ಕೊಂಡುಕೊಳ್ಳೋಕೆ ಬಂದ ಅಂಗಡಿಯೋರು ಹೇಳಿದ್ದು ಅವರು ಕೊಡೋ ರೇಟು, ಅದು ಮೌಲ್ಯಮಾಪನ ಅಲ್ಲ.

ಅವಳಿಗೆ ಮನವರಿಕೆ ಆಗಿದ್ದು ಲಕ್ಷ್ಮೀಪೂಜೆ ಡಬ್ಬಿ ತೆಗೆದಾಗ. ಹತ್ತು ಹಳೇ ರೂಪಾಯಿ. ಎಲ್ಲಾ ಬೆಳ್ಳಿ, ಮೂರು ಮೂರು ಹಂಚಿ ಒಂದು ದೇವರಿಗೆ ಬಿಡೋಣ ಅಂದ್ಲು. ಎರಡೂ ಮುಖ ಫೋಟೋ ತೆಗೆದು ಇಸವಿ ಓದಿದ್ವಿ. ನಾಲ್ಕು ಐದನೇ ಜಾರ್ಜ್ ರಾಜನ ಕಾಲದ್ದು, ಅದರಲ್ಲಿ ನೂರಕ್ಕೆ ಸುಮಾರು 92 ಭಾಗ ಬೆಳ್ಳಿ. ಐದು 1940ರಿಂದ 1945ರ ಒಳಗಿನವು, ಅವು ಅರ್ಧ ಮಾತ್ರ ಬೆಳ್ಳಿ. ಒಂದು 1947ರದ್ದು, ಅದು ನಿಕ್ಕಲ್, ಬೆಳ್ಳಿ ಅಂಶವೇ ಇಲ್ಲ. ಅಡುಗೆಮನೆ ಆಯಸ್ಕಾಂತ ಹಿಡಿದ್ರೆ ಅಂಟ್ಕೊಂತು. ತೂಕದಲ್ಲಿ ಇವು ಗೊತ್ತಾಗಲ್ಲ, ಹೊಸದರಲ್ಲಿ ಎಲ್ಲವೂ ಒಂದೊಂದು ತೊಲ, 11.66 ಗ್ರಾಂ. ಎಣಿಸಿ ಹಂಚಿದ್ರೆ ಒಬ್ಬಳಿಗೆ ಮೋಸ ಆಗ್ತಿತ್ತು, ಮಾಡಿದೋರು ಯಾರೂ ಇಲ್ಲದೇನೇ.

ಬಂಗಾರದ್ದೂ ಹಂಗೇ. ಅವ್ವನ ಹಳೇ ಗುಂಡಿನ ಸರದ ಒಳಗೆ ಅರಗು ತುಂಬೈತೆ. ಅದಕ್ಕೇ ಬರೀ "ಇಷ್ಟು ಗ್ರಾಂ ಬಂಗಾರ" ಅನ್ನದೆ "ಅರಗು, ದಾರ ಸೇರಿ ಇಷ್ಟು" ಅಂತ ಬರೆದ್ವಿ. ಹಾಲ್‌ಮಾರ್ಕ್ ಮುದ್ರೆ ಇಲ್ಲ ಅಂತಾನೂ ಬರೆದ್ವಿ. ಮುದ್ರೆ ಇಲ್ಲ ಅಂದ್ರೆ ಬಂಗಾರ ಕಳಪೆ ಅಂತಲ್ಲ, ಅಂಗಡಿಗಳಿಗೆ ಅದು ಕಡ್ಡಾಯ ಆಗಿದ್ದೇ 2021ರಲ್ಲಿ. ಎಷ್ಟು ಶುದ್ಧ ಅಂತ ಪರೀಕ್ಷೆ ಮಾಡೋರು ಹೇಳಲಿ.

ಫೋಟೋಗಳನ್ನ ವಾಟ್ಸಾಪಲ್ಲಿ ಸುಮ್ಮನೆ ಕಳಿಸಬೇಡ್ರಿ, ಚಿಕ್ಕದಾಗಿ ಚುಕ್ಕಿ ಅಕ್ಷರ ಮಸುಕಾಗ್ತಾವೆ. ಡಾಕ್ಯುಮೆಂಟ್ ಅಂತ ಕಳಿಸ್ರಿ. ಪುಸ್ತಕದ ಒಂದೊಂದು ಜೆರಾಕ್ಸು ಮೂರು ಮನೇಲೂ ಐತೆ. ಆದರೆ ಬಂಗಾರದ ಪುಟ ಗುಂಪಿಗೆ ಹಾಕಬೇಡ್ರಿ, ಗುಂಪಿನಿಂದ ಯಾರ ಮೊಬೈಲಿಗೆ ಹೋಗ್ತೈತೋ ಹೇಳೋಕೆ ಬರಲ್ಲ.

ಕೊಡ ಈಗ ಅವ್ವನ ಮಂಚದ ಪಕ್ಕ ಐತೆ. ಅಟ್ಟಕ್ಕೆ ಹಾಕೋಕೆ ಬಿಡಲಿಲ್ಲ. ಬೆಲೆ ಜಾಗ ಇನ್ನೂ ಖಾಲೀನೇ.