ಮೈಸೂರು ಯುದ್ಧಗಳೂ ಪುನರಾವರ್ತನೆಯ ಕೋಷ್ಟಕವೂ

ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದೊಡನೆ ಮನೆಮನೆಗಳಲ್ಲಿ ಒಂದು ಹಾಳೆ ಪ್ರತ್ಯಕ್ಷವಾಗುತ್ತದೆ. ಅಡ್ಡಗೆರೆ, ಉದ್ದಗೆರೆ ಎಳೆದು ನಾಲ್ಕು ಕಂಬಸಾಲು ಮಾಡಿರುತ್ತಾರೆ: ಇಸವಿ, ಕಾರಣ, ಪರಿಣಾಮ, ಮಹತ್ವ. ಇಂದು ತಂದೆತಾಯಿಗಳಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳಿಗೆ ಅದನ್ನೇ ಬಾಯಿಪಾಠ ಮಾಡಿಸುತ್ತಿರುವುದನ್ನು ಕಾಣುತ್ತಿದ್ದೇನೆ. ಈ ಕೋಷ್ಟಕದ ಮೇಲೆ ನನಗೊಂದು ತಕರಾರಿದೆ. ಅದನ್ನು ನಮ್ಮ ನಾಡಿನಲ್ಲೇ ನಡೆದ ನಾಲ್ಕು ಆಂಗ್ಲೋ-ಮೈಸೂರು ಯುದ್ಧಗಳನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಕೋಷ್ಟಕ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲನೆಯ ಯುದ್ಧ 1767–69. ಕಾರಣ, ಹೈದರ್ ಅಲಿಯ ಏಳಿಗೆ. ಪರಿಣಾಮ, ಮದರಾಸು ಒಪ್ಪಂದ. ಎರಡನೆಯದು 1780–84, ಕಾರಣ, ಇಂಗ್ಲಿಷರು ಮಾಹೆಯನ್ನು ಹಿಡಿದದ್ದು, ಪರಿಣಾಮ, ಮಂಗಳೂರು ಒಪ್ಪಂದ. ಮೂರನೆಯದು 1790–92, ಕಾರಣ, ಟಿಪ್ಪುವಿನ ತಿರುವಾಂಕೂರು ದಾಳಿ, ಪರಿಣಾಮ, ಶ್ರೀರಂಗಪಟ್ಟಣ ಒಪ್ಪಂದ. ನಾಲ್ಕನೆಯದು 1799, ಕಾರಣ, ಫ್ರೆಂಚರ ಸಂಪರ್ಕ, ಪರಿಣಾಮ, ಟಿಪ್ಪುವಿನ ಮರಣ. ಮಹತ್ವದ ಕಂಬಸಾಲಿನಲ್ಲಿ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಮಾತು: ದಕ್ಷಿಣ ಭಾರತದ ರಾಜಕೀಯದಲ್ಲಿ ಮಹತ್ತರ ಬದಲಾವಣೆ.

ಇದರಲ್ಲಿ ಸುಳ್ಳೇನೂ ಇಲ್ಲ. ಇಸವಿಗಳನ್ನು ಕಂಠಪಾಠ ಮಾಡುವುದಕ್ಕೂ ನನ್ನ ವಿರೋಧವಿಲ್ಲ. ಇಸವಿ ತಿಳಿಯದವನಿಗೆ ಯಾವುದು ಮೊದಲು, ಯಾವುದು ನಂತರ ಎಂಬುದೇ ತಿಳಿಯದು. ನನ್ನ ಆಕ್ಷೇಪವಿರುವುದು ಸಾಲು ಸಾಲಿನ ನಡುವೆ ಎಳೆದ ಆ ಅಡ್ಡಗೆರೆಯ ಮೇಲೆ. ಈ ನಾಲ್ಕು ಯುದ್ಧಗಳಲ್ಲಿ ಒಂದರ ಪರಿಣಾಮವೇ ಮುಂದಿನದರ ಕಾರಣಗಳಲ್ಲಿ ಸೇರಿಕೊಂಡಿದೆ. ಗೆರೆ ಬಿದ್ದದ್ದು ಸರಿಯಾಗಿ ಆ ಕೊಂಡಿಯ ಮೇಲೆಯೇ.

ಮೊದಲ ಕೊಂಡಿಯನ್ನು ನೋಡಿ. 1769ರ ಮದರಾಸು ಒಪ್ಪಂದದಲ್ಲಿ ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸುವುದರ ಜೊತೆಗೆ ಇನ್ನೊಂದು ಮಾತಿತ್ತು: ಬೇರೆಯವರು ಮೇಲೇರಿ ಬಂದರೆ ಒಬ್ಬರಿಗೊಬ್ಬರು ನೆರವಾಗಬೇಕು. ಮರುವರ್ಷವೇ ಪೇಶ್ವೆ ಮಾಧವರಾಯನ ಸೈನ್ಯ ಮೈಸೂರಿನ ಮೇಲೆ ಬಿತ್ತು. ಹೈದರನು ನೆರವು ಬೇಡಿದನು, ಇಂಗ್ಲಿಷರು ಬರಲಿಲ್ಲ. 1779ರಲ್ಲಿ ಮಾಹೆ ಅವರ ವಶವಾದದ್ದು ಈ ಹಳೆಯ ಗಾಯದ ಮೇಲೆ ಬಿದ್ದ ಏಟು. ಬರಿಯ ಮಾಹೆಯನ್ನಷ್ಟೇ ಓದಿದ ಮಗುವಿಗೆ, ಒಂದು ಸಣ್ಣ ಫ್ರೆಂಚ್ ಬಂದರಿಗಾಗಿ ಹೈದರನೇಕೆ ದೊಡ್ಡ ಸೈನ್ಯದೊಡನೆ ಕರ್ನಾಟಿಕ್ ಬಯಲಿಗೆ ಇಳಿದನೆಂಬುದು ಎಂದಿಗೂ ಅರ್ಥವಾಗದು.

ಎರಡನೆಯ ಕೊಂಡಿ ಇನ್ನೂ ಸ್ಪಷ್ಟ. 1784ರ ಮಂಗಳೂರು ಒಪ್ಪಂದದಲ್ಲಿ ತಿರುವಾಂಕೂರಿನ ರಾಜನನ್ನು ಇಂಗ್ಲಿಷರ ಮಿತ್ರನೆಂದು ಹೆಸರಿಸಲಾಗಿತ್ತು. 1789ರಲ್ಲಿ ಆ ರಾಜನು ಡಚ್ಚರಿಂದ ಕೊಡುಂಗಲ್ಲೂರು ಮೊದಲಾದ ಕೋಟೆಗಳನ್ನು ಕ್ರಯಕ್ಕೆ ಪಡೆದನು. ಅವು ತನಗೆ ಕಪ್ಪ ಕೊಡುವ ಕೊಚ್ಚಿಯ ರಾಜನಿಗೆ ಸೇರಿದವು, ಮಾರುವ ಹಕ್ಕು ಡಚ್ಚರಿಗಿಲ್ಲ ಎಂಬುದು ಟಿಪ್ಪುವಿನ ವಾದ. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಅವನು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದನು. ಅದು ಒಪ್ಪಂದದ ಉಲ್ಲಂಘನೆಯೆಂದು ಸಾರಲು ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ 1784ರ ಕಾಗದವೇ ಆಧಾರವಾಯಿತು. ಕೋಷ್ಟಕದ ಎರಡನೆಯ ಸಾಲಿನ ಪರಿಣಾಮವನ್ನು ಬಿಟ್ಟು ಮೂರನೆಯ ಸಾಲಿನ ಕಾರಣವನ್ನು ಹೇಳುವುದಾದರೂ ಹೇಗೆ?

ಮೂರನೆಯ ಕೊಂಡಿ ಎಲ್ಲಕ್ಕಿಂತ ಬಲವಾದದ್ದು. 1792ರ ಒಪ್ಪಂದದಂತೆ ಟಿಪ್ಪು ತನ್ನ ರಾಜ್ಯದ ಅರ್ಧವನ್ನು ಬಿಟ್ಟುಕೊಟ್ಟನು, 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿದನು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಅರ್ಧ ರಾಜ್ಯವೆಂದರೆ ಅರ್ಧ ಕಂದಾಯ. ಕಂದಾಯವೆಂದರೆ ಸೈನಿಕರ ಸಂಬಳ, ಕುದುರೆ, ಮದ್ದುಗುಂಡು. ಎರಡನೆಯ ಯುದ್ಧ ಸುಮಾರು ನಾಲ್ಕು ವರ್ಷ, ಮೂರನೆಯದು ಸುಮಾರು ಎರಡು ವರ್ಷ ನಡೆದಿದ್ದರೆ, 1799ರ ಫೆಬ್ರವರಿಯಲ್ಲಿ ಆರಂಭವಾದ ನಾಲ್ಕನೆಯದು ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯೊಳಗೇ ಮುಗಿದುದಕ್ಕೆ ಇದು ದೊಡ್ಡ ಕಾರಣ. ಫ್ರೆಂಚರ ಸಂಪರ್ಕವು ಯುದ್ಧ ಹೂಡಲು ದೊರೆತ ನೆಪ. ನೆಪವನ್ನೂ ಕಾರಣವನ್ನೂ ಒಂದೇ ಮನೆಯಲ್ಲಿ ತುಂಬುವ ಕೋಷ್ಟಕವು ಮಕ್ಕಳಿಗೆ ಅವೆರಡರ ಭೇದವನ್ನೇ ಮರೆಸುತ್ತದೆ.

ಇನ್ನು ಆ ಮಹತ್ವದ ಕಂಬಸಾಲು. ಅದನ್ನು ಪರೀಕ್ಷಿಸುವ ಸುಲಭ ವಿಧಾನವೊಂದಿದೆ. ಎರಡು ಸಾಲುಗಳ ಮಹತ್ವವನ್ನು ಅದಲುಬದಲು ಮಾಡಿ ಓದಿ. ಏನೂ ಕೆಡದಿದ್ದರೆ ಅಲ್ಲಿ ಬರೆದದ್ದು ಮಹತ್ವವಲ್ಲ, ಮನೆ ತುಂಬುವ ಮಾತು. ನಾನಾದರೆ ಆ ಕಂಬಸಾಲನ್ನು ಅಳಿಸಿ, ಅದರ ಜಾಗದಲ್ಲಿ "ಯಾರ ಕಡೆ ಯಾರು" ಎಂದು ಬರೆಸುತ್ತೇನೆ.

ಆಗ ಏನು ಕಾಣುತ್ತದೆ ನೋಡಿ. ಮೊದಲ ಯುದ್ಧದಲ್ಲಿ ನಿಜಾಮನು ಇಂಗ್ಲಿಷರ ಜೊತೆ ಬಂದು, ಹೈದರನ ಕಡೆಗೆ ಹೊರಳಿ, ಮತ್ತೆ 1768ರಲ್ಲಿ ಇಂಗ್ಲಿಷರ ಕಡೆಗೆ ಹಿಂದಿರುಗಿದನು. ಎರಡನೆಯದರ ಆರಂಭಕ್ಕೆ ಮರಾಠರೂ ನಿಜಾಮನೂ ಹೈದರನ ಪಕ್ಷದಲ್ಲಿದ್ದರು. ಆದರೆ ನಿಜಾಮನು ಬೇಗ ಹಿಂಜರಿದನು, ಮರಾಠರು 1782ರಲ್ಲಿ ಸಾಲ್ಬಾಯಿಯಲ್ಲಿ ಬೇರೆಯೇ ಸಂಧಿ ಮಾಡಿಕೊಂಡರು. ಮೂರನೆಯದರಲ್ಲಿ ಇಬ್ಬರೂ ಇಂಗ್ಲಿಷರ ಜೊತೆ. ನಾಲ್ಕನೆಯದರಲ್ಲಿ ಮರಾಠರು ದೂರ ಉಳಿದರು; ನಿಜಾಮನ ಸೈನ್ಯ ಕಂಪನಿಯ ಸೈನ್ಯದೊಡನೆ ನಡೆಯಿತು.

ಈ ಕಂಬಸಾಲು ಎಷ್ಟು ಅವಶ್ಯಕವೆಂಬುದಕ್ಕೆ 1791ರ ಮೇ ತಿಂಗಳು ಸಾಕ್ಷಿ. ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದು ಒಂದು ಕಾಳಗವನ್ನೂ ಗೆದ್ದನು. ಆದರೆ ಎತ್ತುಗಳು ಸತ್ತವು, ದವಸ ಮುಗಿಯಿತು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಆ ಹಿಮ್ಮೆಟ್ಟುವಿಕೆಯ ದಾರಿಯಲ್ಲಿ ಮರಾಠರ ಸೈನ್ಯ ಎದುರಾಯಿತು. ಹಸಿದಿದ್ದ ಇಂಗ್ಲಿಷ್ ಪಾಳೆಯಕ್ಕೆ ಅವರ ಸಂತೆಯಿಂದ ಧಾನ್ಯ ದೊರೆಯಿತು. ಮರುವರ್ಷ ಫೆಬ್ರವರಿಯಲ್ಲಿ ಅದೇ ಕಾರ್ನ್‌ವಾಲಿಸನು ಮಿತ್ರಸೈನ್ಯಗಳೊಡನೆ ಬಂದು ಟಿಪ್ಪುವನ್ನು ಸಂಧಿಗೆ ಮಣಿಸಿದನು. ಪರಿಣಾಮದ ಮನೆಯಲ್ಲಿ ನಾವು ಬರೆಯುವ "ಶ್ರೀರಂಗಪಟ್ಟಣ ಒಪ್ಪಂದ" ಎಂಬ ಎರಡು ಪದಗಳ ಹಿಂದೆ ಸತ್ತ ಎತ್ತುಗಳೂ ಇವೆ, ಮರಾಠರ ದವಸದ ಚೀಲಗಳೂ ಇವೆ.

"ಸಾರ್, ಅಂಕ ಕೊಡುವುದು ಅಂಶಗಳಿಗೆ, ಕಥೆಗಲ್ಲ" ಎಂದು ನಿಮ್ಮಲ್ಲಿ ಕೆಲವರು ಹೇಳುವಿರೆಂದು ಬಲ್ಲೆ. ಹಾಗಾದರೆ ಅಂಕದ ಲೆಕ್ಕವನ್ನೇ ಹಾಕೋಣ. ಮೂರನೆಯ ಯುದ್ಧದ ಕಾರಣಗಳನ್ನು ವಿವರಿಸಿ ಎಂದು ಕೇಳಿದರೆ ನಿಮ್ಮ ಕೋಷ್ಟಕ ಕೊಡುವುದು ಒಂದೇ ಅಂಶ. ಕೊಂಡಿ ತಿಳಿದ ಮಗು ಮಂಗಳೂರು ಒಪ್ಪಂದ, ಕೋಟೆಗಳ ಕ್ರಯ, ಗಡಿಗೋಡೆಯ ದಾಳಿ ಎಂದು ಮೂರು ಅಂಶಗಳನ್ನು ಕ್ರಮವಾಗಿ ಬರೆಯುತ್ತದೆ. ಅಲ್ಲದೆ, ಬಿಡಿಬಿಡಿಯಾದ ಹದಿನಾರು ಮನೆಗಳಲ್ಲಿ ಒಂದು ಮರೆತರೆ ಅದು ಹೋಯಿತೆಂದೇ ಅರ್ಥ. ಸರಪಳಿಯಲ್ಲಿ ಒಂದು ಮರೆತರೆ ಪಕ್ಕದ ಕೊಂಡಿ ಅದನ್ನು ಎಳೆದು ತರುತ್ತದೆ.

ಆದುದರಿಂದ ಹಾಳೆಯನ್ನು ಹರಿಯಬೇಡಿ. ಮಗುವಿನ ಕೈಯಲ್ಲೇ ಬರೆಸಿ. ಪ್ರತಿ ಪರಿಣಾಮದಿಂದ ಕೆಳಸಾಲಿನ ಕಾರಣಕ್ಕೆ ಒಂದು ಬಾಣದ ಗುರುತು ಹಾಕಿಸಿ, ಆ ಬಾಣದ ಮೇಲೆ ಒಂದೇ ವಾಕ್ಯ ಬರೆಯಲು ಹೇಳಿ: 1769ರಿಂದ 1780ಕ್ಕೆ "ಕೊಟ್ಟ ಮಾತು ನಡೆಯಲಿಲ್ಲ", 1784ರಿಂದ 1790ಕ್ಕೆ "ಮಿತ್ರನೆಂದು ಬರೆದವನ ಮೇಲೆ ದಾಳಿ", 1792ರಿಂದ 1799ಕ್ಕೆ "ಅರ್ಧ ರಾಜ್ಯ ಉಳಿದಿತ್ತು". ಬಳಿಕ ಕಾರಣದ ಕಂಬಸಾಲನ್ನು ಕೈಯಿಂದ ಮುಚ್ಚಿ ಕೇಳಿ. ಬಾಣವನ್ನು ಹಿಡಿದು ಮಗು ಕಾರಣವನ್ನು ತಾನೇ ಹೇಳಿದರೆ ಪಾಠ ಬಂದಿದೆ. ಮೌನವಾಗಿ ಕುಳಿತರೆ, ಅದಕ್ಕೆ ಬಂದಿರುವುದು ಕೋಷ್ಟಕ ಮಾತ್ರ.