‘ವಿಷಯ ಇಲ್ಲಿಗೆ ಮುಗಿಯಿತು’ ಎಂಬ ಸಾಲಿಗೆ ನನ್ನಕ್ಕ ಯಾಕೆ ಸಹಿ ಹಾಕಲಿಲ್ಲ?

ಹೆಡ್‌ಮಾಸ್ಟರು ಮೇಜಿನ ಮೇಲೆ ಒಂದು ಹಾಳೆ ಇಟ್ಟು, ಪೆನ್ನನ್ನು ನನ್ನಕ್ಕನ ಕಡೆ ಸರಿಸಿದರು. ಹಾಳೆಯಲ್ಲಿ ಐದು ಸಾಲುಗಳಿದ್ದವು. ವಿದ್ಯಾರ್ಥಿ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಶಾಲೆಗೆ ಬರತಕ್ಕದ್ದು. ಸಂಜೆ ಬೆಲ್‌ಗಿಂತ ಹತ್ತು ನಿಮಿಷ ಮೊದಲು ಹೊರಡತಕ್ಕದ್ದು. ಹಿಂಭಾಗದ ಶೌಚಾಲಯಕ್ಕೆ ಹೋಗತಕ್ಕದ್ದಲ್ಲ. ತೊಂದರೆಯಾದರೆ ಕೂಡಲೇ ತರಗತಿ ಶಿಕ್ಷಕರಿಗೆ ತಿಳಿಸತಕ್ಕದ್ದು. ಕೊನೆಯ ಸಾಲು: ಉಭಯ ಕಡೆಯವರ ಒಪ್ಪಿಗೆಯಂತೆ ವಿಷಯವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

ಅಕ್ಕ ಎರಡು ಸಲ ಓದಿದಳು. ಆಮೇಲೆ ಕೇಳಿದಳು: "ಸಾರ್, ಹೊಡ್ದೋರು ಯಾರು ಅಂತ ಇದ್ರಲ್ಲಿ ಎಲ್ಲೂ ಇಲ್ವಲ್ಲ? ಇದನ್ನ ಓದಿದ್ರೆ ತಪ್ಪು ಮಾಡಿರೋದು ನನ್ ಮಗನೇ ಅನ್ಸುತ್ತೆ."

ನನ್ನ ಅಕ್ಕನ ಮಗ ಒಂದು ತಾಲೂಕು ಕೇಂದ್ರದ ಅನುದಾನಿತ ಪ್ರೌಢಶಾಲೆಯಲ್ಲಿ ಎಂಟನೇ ಕ್ಲಾಸು. ಭಾವನದು ಇಸ್ತ್ರಿ ಅಂಗಡಿ. ಹತ್ತನೇ ಕ್ಲಾಸಿನ ಮೂವರು ಹುಡುಗರು ಆ ಕಸುಬಿನ ಹೆಸರು ಹಿಡಿದು ತಿಂಗಳುಗಟ್ಟಲೆ ಅವನನ್ನು ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಶೌಚಾಲಯದ ಹಿಂದೆ ಕಿವಿ ಹಿಡಿಸಿ ಬಸ್ಕಿ ಹೊಡೆಸಿದರು, ಫೋನಿನಲ್ಲಿ ವಿಡಿಯೊ ಮಾಡಿದರು. ನಡುವೆ ನಿಲ್ಲಿಸಿದ್ದಕ್ಕೆ ತಳ್ಳಿದರು. ಮಣಿಕಟ್ಟಿನ ಮೂಳೆ ಮುರಿಯಿತು. ಸಂಜೆಯೊಳಗೆ ವಿಡಿಯೊ ವಾಟ್ಸಾಪ್ ಗ್ರೂಪುಗಳಲ್ಲಿತ್ತು. ಹುಡುಗ ಹತ್ತೊಂಬತ್ತು ದಿನ ಮನೆಯಲ್ಲಿದ್ದ. ಪೊಲೀಸರಿಗೆ ದೂರು ಕೊಟ್ಟಿದ್ದೆವು. ಆ ಮೂವರೂ ಹದಿನೆಂಟರೊಳಗಿನವರು, ಹಾಗಾಗಿ ಅದು ಬಾಲನ್ಯಾಯ ಕಾಯ್ದೆಯ ದಾರಿಯಲ್ಲಿ ತನ್ನ ವೇಗದಲ್ಲಿ ಹೋಗುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಹುಡುಗ ಅದೇ ಗೇಟು ದಾಟಬೇಕಲ್ಲ?

ಆ ಗೇಟು ದಾಟುವ ದಿನಕ್ಕಾಗಿ ಬರೆಯುವುದೇ ಸುರಕ್ಷತಾ ಯೋಜನೆ. ಶಾಲೆಯೂ ಪೋಷಕರೂ ಕೂತು ಒಪ್ಪಿ ಸಹಿ ಹಾಕುವ ಒಂದೆರಡು ಪುಟ. ನಮ್ಮಲ್ಲಿ ಅದರ ಬದಲು ನಡೆಯುವುದು ರಾಜಿ ಪಂಚಾಯ್ತಿ: ಸಾರಿ ಹೇಳಿಸು, ಕೈಕುಲುಕಿಸು, ಕಳಿಸು. ಊರ ಕಟ್ಟೆಯ ಪಂಚಾಯ್ತಿಯಲ್ಲಿ ಏನಾಗುತ್ತದೋ ಇಲ್ಲೂ ಅದೇ. ಗಟ್ಟಿ ಇದ್ದವನಿಗೆ ಬುದ್ಧಿವಾದ, ಮೆತ್ತಗಿದ್ದವನಿಗೆ ಷರತ್ತು.

ದೂರು ಕೊಟ್ಟ ಮೇಲಿನ ಗಂಟೆಗಳು

ನಾವು ಇಷ್ಟು ಹಟ ಹಿಡಿಯಲು ಒಂದು ಕಾರಣವಿತ್ತು. 2023ರ ಆಗಸ್ಟ್‌ನಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ಹನ್ನೆರಡನೇ ತರಗತಿಯ ದಲಿತ ಹುಡುಗನೊಬ್ಬ ಸಹಪಾಠಿಗಳ ಜಾತಿ ಕಿರುಕುಳ ತಾಳಲಾರದೆ ಶಾಲೆ ಬಿಟ್ಟು ಮನೆಯಲ್ಲಿದ್ದ. ವಿಷಯ ಶಾಲೆಯವರಿಗೆ ಗೊತ್ತಾಯಿತು, ದೂರು ದಾಖಲಾಯಿತು. ಅದರ ಬೆನ್ನಿಗೇ, ರಾತ್ರಿ, ಮೇಲ್ಜಾತಿಯ ವಿದ್ಯಾರ್ಥಿಗಳು ಮನೆಗೇ ನುಗ್ಗಿ ಅವನನ್ನೂ ಬಿಡಿಸಲು ಬಂದ ತಂಗಿಯನ್ನೂ ಮಚ್ಚಿನಿಂದ ಕೊಚ್ಚಿದರು. ಇಬ್ಬರೂ ಬದುಕಿದರು. ಹುಡುಗ ಬೇರೆ ಶಾಲೆಗೆ ಸೇರಿ, 2024ರಲ್ಲಿ 600ಕ್ಕೆ 469 ಅಂಕ ತೆಗೆದು ಪಾಸಾದ. ತಮಿಳುನಾಡು ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ ನೇಮಿಸಿತು, 2024ರ ಜೂನ್‌ನಲ್ಲಿ ವರದಿ ಬಂತು.

ಆ ಅಂಕಗಳ ಬಗ್ಗೆ ಎಲ್ಲರೂ ಸಂಭ್ರಮಿಸಿದರು, ಸರಿಯೇ. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಮಗು ಬಾಯಿ ಬಿಟ್ಟ ಕೂಡಲೇ ಅಪಾಯ ಕಮ್ಮಿಯಾಗುವುದಿಲ್ಲ, ಹೆಚ್ಚಾಗುತ್ತದೆ. ದೂರು ಸ್ವೀಕರಿಸುವವರು, ಇವತ್ತು ರಾತ್ರಿ ಮತ್ತು ನಾಳೆ ಬೆಳಿಗ್ಗೆ ಈ ಮಗು ಎಲ್ಲಿರುತ್ತದೆ, ಯಾರ ಜೊತೆ ಇರುತ್ತದೆ ಅಂತ ಅದೇ ಗಳಿಗೆಯಲ್ಲಿ ಕೇಳಬೇಕು. ಹಾಗಾಗಿ ನಮ್ಮ ಹಾಳೆಯ ಮೊದಲ ಸಾಲು ಹೀಗಾಯಿತು: ಮೂವರು ವಿದ್ಯಾರ್ಥಿಗಳಾಗಲೀ, ಅವರ ಪರವಾಗಿ ಅಣ್ಣ, ಚಿಕ್ಕಪ್ಪ, ಗೆಳೆಯರಾಗಲೀ ಈ ಹುಡುಗನನ್ನು ಶಾಲೆಯ ಒಳಗೆ, ಹೊರಗೆ ಅಥವಾ ಫೋನಿನಲ್ಲಿ ಸಂಪರ್ಕಿಸಬಾರದು. 'ಕಂಪ್ಲೇಂಟ್ ವಾಪಸ್ ತಗೋ' ಅನ್ನುವುದೂ ಉಲ್ಲಂಘನೆಯೇ.

ಈ ಸಾಲು ಓದಿ ಒಬ್ಬ ಹುಡುಗನ ತಂದೆ ಕೆರಳಿದರು. ಪಟ್ಟಣದಲ್ಲಿ ಅವರ ಮಾತು ನಡೆಯುತ್ತದೆ. "ಏನ್ರೀ, ನಮ್ ಮಕ್ಳು ರೌಡಿಗಳಾ? ಎಸ್ಸೆಸ್ಸೆಲ್ಸಿ ವರ್ಷ ಬೇರೆ." ಹೆಡ್‌ಮಾಸ್ಟರು ಮಧ್ಯೆ ಬಂದು, "ಬರ್ದಿದ್ರೆ ನಿಮ್ ಮಕ್ಳಿಗೂ ಒಳ್ಳೇದೇ. ನಾಳೆ ಯಾರೋ ಸುಳ್ಳು ಹೇಳಿದ್ರೆ ಹಾಳೆ ತೋರಿಸ್ಬಹುದು" ಅಂದರು. ಅದು ಜಾಣ ಮಾತು. ಅಲ್ಲಿಂದ ಸಭೆಯ ದಿಕ್ಕೇ ಬದಲಾಯಿತು.

ಹುಡುಗ ಬರೆದ ನಕ್ಷೆ

ಸಭೆಯ ಹಿಂದಿನ ರಾತ್ರಿ ನಾನು ಹುಡುಗನಿಗೆ ಬಿಳಿ ಹಾಳೆ ಕೊಟ್ಟು, ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗಿನ ದಾರಿ ಬರೆಯಲು ಹೇಳಿದ್ದೆ. ಭಯವಾಗುವ ಕಡೆ ಕೆಂಪು ಚುಕ್ಕಿ. ಪ್ಲಾಸ್ಟರಿನ ಕೈ ಬಿಟ್ಟು ಎಡಗೈಯಲ್ಲಿ ಬರೆದ. ಕ್ಲಾಸ್‌ರೂಮಿಗೆ ಒಂದೂ ಚುಕ್ಕಿ ಇಲ್ಲ! ಚುಕ್ಕಿಗಳಿದ್ದದ್ದು ಬಸ್‌ಸ್ಟಾಪಿನಲ್ಲಿ, ಸೈಕಲ್ ಸ್ಟ್ಯಾಂಡಿನಲ್ಲಿ, ಬಿಸಿಯೂಟಕ್ಕೆ ಕೈ ತೊಳೆಯುವ ನಲ್ಲಿಯ ಹತ್ತಿರ, ಶೌಚಾಲಯದಲ್ಲಿ, ಪಿಟಿ ಪೀರಿಯಡ್ಡಿನಲ್ಲಿ, ಸಂಜೆ ಗೇಟಿನಲ್ಲಿ.

ಅಂದರೆ ಶಿಕ್ಷಕರ ಕಣ್ಣಿರುವ ಕಡೆ ಭಯವಿಲ್ಲ. ಎರಡು ಬೆಲ್‌ಗಳ ನಡುವೆ, ಯಾರ ಡ್ಯೂಟಿಯೂ ಅಲ್ಲದ ಜಾಗದಲ್ಲಿ ಭಯವಿದೆ. ಶಾಲೆಯವರ ಹಾಳೆ ತರಗತಿ ಶಿಕ್ಷಕರಿಗೆ ತಿಳಿಸು ಎಂದಿತ್ತು. ತರಗತಿ ಶಿಕ್ಷಕರು ಇರುವ ಜಾಗದಲ್ಲಿ ತಿಳಿಸುವಂಥದ್ದೇನೂ ನಡೆಯುವುದೇ ಇಲ್ಲ.

ಆ ನಕ್ಷೆ ಮುಂದಿಟ್ಟುಕೊಂಡು ಒಂದೊಂದೇ ಚುಕ್ಕಿಗೆ ಉತ್ತರ ಬರೆದೆವು. ಉತ್ತರ ಬರೆಯುವಾಗ ಒಂದೇ ನಿಯಮ: ಜಾಗ ಬಿಟ್ಟುಕೊಡಬೇಕಾದವನು ಹೊಡೆಸಿಕೊಂಡವನಲ್ಲ. ಹಿಂಭಾಗದ ಶೌಚಾಲಯ ಎಂಟನೇ ಕ್ಲಾಸಿನವರದು, ಆ ಮೂವರು ಸ್ಟಾಫ್‌ರೂಮ್ ಪಕ್ಕದ್ದನ್ನು ಬಳಸಬೇಕು. ಸಂಜೆ ಹುಡುಗ ಎಲ್ಲರ ಜೊತೆ ಹೊರಡುತ್ತಾನೆ, ಮೂವರು ಹದಿನೈದು ನಿಮಿಷ ಹೆಡ್‌ಮಾಸ್ಟರ ಕೋಣೆಯಲ್ಲಿದ್ದು ಆಮೇಲೆ ಹೊರಡುತ್ತಾರೆ. ಊಟದ ಹೊತ್ತಿನಲ್ಲಿ ನಲ್ಲಿಯ ಹತ್ತಿರ ಒಬ್ಬ ಶಿಕ್ಷಕರು, ಸರದಿಯ ಪಟ್ಟಿ ನೋಟಿಸ್ ಬೋರ್ಡಿನಲ್ಲಿ. ಫೋನು ಶಾಲೆಗೆ ತರುವಂತಿಲ್ಲ, ವಿಡಿಯೊವನ್ನು ಮೂವರ ಪೋಷಕರು ಅಳಿಸಿ ಗ್ರೂಪುಗಳಿಂದಲೂ ತೆಗೆಸಬೇಕು. ಒಂದು ಪ್ರತಿ ಮಾತ್ರ ದೂರಿನ ಸಾಕ್ಷಿಯಾಗಿ ಅಕ್ಕನ ಹತ್ತಿರ.

ಮೂವರನ್ನು ಟಿಸಿ ಕೊಟ್ಟು ಕಳಿಸಿ ಎಂದು ನಾವು ಕೇಳಲಿಲ್ಲ. ಇದಕ್ಕೆ ಮನೆಯಲ್ಲೇ ಜಗಳವಾಯಿತು, ಭಾವನಿಗೆ ಈಗಲೂ ಸಮಾಧಾನವಿಲ್ಲ. ನನ್ನ ವಾದ ಇಷ್ಟೇ: ಹೊರಗೆ ಹಾಕಿದರೆ ಅವರು ಬಸ್‌ಸ್ಟಾಪಿನಲ್ಲಿರುತ್ತಾರೆ, ಅಲ್ಲಿ ಹೆಡ್‌ಮಾಸ್ಟರ ಕಣ್ಣಿಲ್ಲ. ಒಳಗಿದ್ದರೆ ಶಾಲೆಗೆ ಹೊಣೆ ಇರುತ್ತದೆ, ಅವರಿಗೂ ಪರೀಕ್ಷೆ ಇರುತ್ತದೆ.

ಯಾರ ಹತ್ತಿರ ಹೋಗಲಿ?

ನಂಬಿಕೆಯ ಒಬ್ಬ ವ್ಯಕ್ತಿಯ ಹೆಸರು ಹಾಳೆಯಲ್ಲಿರಬೇಕು, ಅದನ್ನು ಮಗುವೇ ಆರಿಸಬೇಕು. ನಮ್ಮ ಹುಡುಗ ಹಿಂದಿ ಮಿಸ್ಸನ್ನು ಆರಿಸಿದ. ಯಾಕೆ ಅಂದರೆ, "ಅವ್ರು ಜೋರಾಗಿ ಏನಾಯ್ತೋ ಅಂತ ಕೇಳಲ್ಲ ಮಾಮ." ಎಲ್ಲರೆದುರು ಕೇಳಿದರೆ ಮಗು ಏನೂ ಆಗಿಲ್ಲ ಅನ್ನುತ್ತದೆ. ಹಾಗಾಗಿ ಒಂದು ಗುರುತಿನ ಮಾತು ಇಟ್ಟೆವು. "ಮಿಸ್, ಬಾಟ್ಲಿ ಮರ್ತೆ" ಅಂದರೆ ಯಾವ ಕ್ಲಾಸಿನಿಂದಾದರೂ ಪ್ರಶ್ನೆಯಿಲ್ಲದೆ ಸ್ಟಾಫ್‌ರೂಮಿಗೆ ಕಳಿಸಬೇಕು. ಮಿಸ್ ರಜೆಯಲ್ಲಿದ್ದರೆ ಆಫೀಸಿನ ಅಟೆಂಡರ್.

ಯೋಜನೆ ಎಡವಿದ್ದು ಇಲ್ಲೇ. ಎರಡನೇ ವಾರ ಹಿಂದಿ ಮಿಸ್ ತರಬೇತಿಗೆ ಹೋದರು. ಅಟೆಂಡರ್ ಹೆಸರು ಹಾಳೆಯಲ್ಲಿತ್ತು, ಆದರೆ ಅವರಿಗೆ ಯಾರೂ ಹೇಳಿರಲಿಲ್ಲ! ಗಣಿತದ ಮೇಷ್ಟ್ರಿಗೂ ಗುರುತಿನ ಮಾತು ಗೊತ್ತಿರಲಿಲ್ಲ. "ಬಾಟ್ಲಿ ಮರ್ತ್ರೆ ಮರಿ, ಕೂತ್ಕೋ" ಅಂದರು.

ಹುಡುಗ ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದು ಬಾಟ್ಲಿ. ಬೆಳಿಗ್ಗೆ ತುಂಬಿಸಿ ಕಳಿಸಿದ ನೀರು ಸಂಜೆ ಹಾಗೇ ವಾಪಸ್ ಬರುತ್ತಿದೆ ಎಂದು ಅಕ್ಕ ಗಮನಿಸಿದಳು. ಶೌಚಾಲಯಕ್ಕೆ ಹೋಗಲು ಹೆದರುವ ಮಕ್ಕಳು ನೀರು ಕುಡಿಯುವುದನ್ನು ಬಿಡುತ್ತಾರೆ. ವಿಚಾರಿಸಿದಾಗ ತಿಳಿಯಿತು, ಮೂವರಲ್ಲಿ ಒಬ್ಬ ಮತ್ತೆ ಹಿಂಭಾಗಕ್ಕೆ ಬರತೊಡಗಿದ್ದ. ಏನೂ ಮಾಡುತ್ತಿರಲಿಲ್ಲ, ಬರೀ ನಿಲ್ಲುತ್ತಿದ್ದ.

ಬರೀ ನಿಲ್ಲುವುದಕ್ಕೆ ಏನು ಮಾಡುತ್ತೀರಿ? ರಾಜಿ ಪಂಚಾಯ್ತಿಯಲ್ಲಿ ಇದಕ್ಕೆ ಉತ್ತರವಿಲ್ಲ, ಕೈ ಮಾಡಿಲ್ಲವಲ್ಲ ಅನ್ನುತ್ತಾರೆ. ಹಾಳೆಯಲ್ಲಿ ಉತ್ತರವಿತ್ತು. ಮೊದಲ ಉಲ್ಲಂಘನೆಗೆ ಅದೇ ದಿನ ಪೋಷಕರನ್ನು ಕರೆಸಿ ಲಿಖಿತ ಎಚ್ಚರಿಕೆ, ಎರಡನೆಯದಕ್ಕೆ ಬಿಇಒ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ. ಹೆಡ್‌ಮಾಸ್ಟರು ಆ ಜೋರಿನ ತಂದೆಯನ್ನೇ ಕರೆಸಿದರು. ಎರಡನೆಯದರ ಅಗತ್ಯ ಇಲ್ಲಿಯವರೆಗೆ ಬಿದ್ದಿಲ್ಲ. ಅಟೆಂಡರೂ ಸೇರಿದಂತೆ ಎಲ್ಲ ಸಿಬ್ಬಂದಿ ಹಾಳೆ ಓದಿ ಸಹಿ ಹಾಕಬೇಕೆಂದು ಅದೇ ದಿನ ಸೇರಿಸಿದೆವು.

ಮೊದಲ ತಿಂಗಳು ಪ್ರತಿ ಸೋಮವಾರ ಹತ್ತು ನಿಮಿಷದ ಪರಿಶೀಲನೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಅಲ್ಲಿ 'ಎಲ್ಲ ಸರಿ ಇದೆಯಾ' ಎಂದು ಕೇಳುವುದಿಲ್ಲ, ಅದಕ್ಕೆ ಉತ್ತರ ಯಾವಾಗಲೂ ಹೂಂ. ಬಾಟ್ಲಿ ಖಾಲಿಯಾಯಿತೇ, ಊಟ ಎಲ್ಲರ ಜೊತೆ ಕೂತು ಮಾಡಿದನೇ, ಭಾನುವಾರ ರಾತ್ರಿ ಹೊಟ್ಟೆನೋವು ಬಂತೇ, ಎಷ್ಟು ದಿನ ತಪ್ಪಿಸಿದ ಎಂದು ನೋಡುತ್ತೇವೆ.

ಐದನೇ ಸಾಲು

ಇನ್ನು ಆ ಐದನೇ ಸಾಲು. ಮುಕ್ತಾಯಗೊಳಿಸಲಾಗಿದೆ ಎಂಬುದಕ್ಕೆ ಅಕ್ಕ ಸಹಿ ಹಾಕಿದ್ದರೆ, ಠಾಣೆಯಲ್ಲಿ ನಾಳೆ ತೋರಿಸುವ ಕಾಗದ ಅದೇ ಆಗುತ್ತಿತ್ತು. ನಾವು ಆ ಸಾಲು ಹೊಡೆದುಹಾಕಿ, ಈ ಯೋಜನೆಯಿಂದ ಪೋಷಕರ ಕಾನೂನಿನ ಹಕ್ಕುಗಳಿಗೆ ಯಾವುದೇ ಬಾಧೆಯಿಲ್ಲ ಎಂದು ಬರೆಸಿದೆವು. ನಿಮ್ಮ ಮುಂದೆ ಇಂಥ ಹಾಳೆ ಬಂದರೆ ಮೊದಲು ಕೊನೆಯ ಸಾಲು ಓದಿ. ಅಲ್ಲೇ ಸಹಿ ಹಾಕಬೇಕಿಲ್ಲ, ಮನೆಗೆ ತಂದು ಓದುವ ಹಕ್ಕು ನಿಮಗಿದೆ. ಶಾಲೆ ಕೂರಲೇ ಒಪ್ಪದಿದ್ದರೆ ಬಿಇಒಗೆ ಲಿಖಿತ ದೂರು ಕೊಡಿ, ತುರ್ತಿದ್ದರೆ 1098ಕ್ಕೆ ಫೋನ್ ಮಾಡಿ.

ಈ ಹಾಳೆಗೆ ಮಿತಿಯಿದೆ. ಇಸ್ತ್ರಿ ಪೆಟ್ಟಿಗೆಯನ್ನು ಬೈಗುಳ ಮಾಡಿದ ಮನಸ್ಸನ್ನು ಅದು ತಿದ್ದುವುದಿಲ್ಲ. ವಿಡಿಯೊ ನೋಡಿದ ಇನ್ನೂರು ಮಕ್ಕಳ ನಗುವನ್ನು ಅಳಿಸುವುದಿಲ್ಲ. ಬಸ್‌ಸ್ಟಾಪಿನ ಚುಕ್ಕಿಗೆ ನಮ್ಮಲ್ಲಿ ಉತ್ತರವೇ ಇರಲಿಲ್ಲ, ಅದು ಶಾಲೆಯ ಕಾಂಪೌಂಡಿನ ಹೊರಗಿದೆ. ಅಲ್ಲಿಗೆ ಈಗಲೂ ದಿನಾ ಸಂಜೆ ಭಾವ ಅಂಗಡಿಗೆ ಅರ್ಧ ಬಾಗಿಲು ಹಾಕಿ ಹೋಗುತ್ತಾನೆ.

ಪ್ಲಾಸ್ಟರ್ ಬಿಚ್ಚಿದ್ದಾರೆ. ಮೊನ್ನೆ ಬಾಟ್ಲಿ ಖಾಲಿ ಬಂತು.