ಹಾಡೋ ಹೆಸರಿಗೆ ಆಧಾರ್ ಇರಲ್ಲ

ನಮ್ಮ ಹಾಡುಗಾರರು, ತಮಟೆಯವರು, ಬೀದಿ ನಾಟಕದವರು ಪದೇ ಪದೇ ಕೇಳೋ ಪ್ರಶ್ನೆ ಒಂದಿದೆ. "ಅಣ್ಣಾ, ಹಾಡೋ ಹೆಸರಲ್ಲೇ ಫೇಸ್‌ಬುಕ್ ಖಾತೆ ಇತ್ತು. ಯಾರೋ ಫೇಕ್ ಅಂತ ರಿಪೋರ್ಟ್ ಹೊಡೆದಿದ್ದಾರೆ. ಈಗ ಐಡಿ ಕೇಳ್ತಿದೆ. ಆಧಾರ್ ಹಾಕ್ಲಾ?" ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಉತ್ತರ ಇಷ್ಟೇ: ಗಾಬರಿಯಲ್ಲಿ ಮೊದಲು ಆಧಾರ್ ಹಾಕಬೇಡಿ. ಹಾಕಿದರೆ ಖಾತೆ ವಾಪಸ್ ಬರಬಹುದು, ಆದರೆ ಆಧಾರ್‌ನಲ್ಲಿರೋ ಹೆಸರಿನ ಜೊತೆ ಬರಬಹುದು. 2011ರಲ್ಲಿ ಲೇಖಕ ಸಲ್ಮಾನ್ ರಶ್ದಿಗೆ ಇದೇ ಆಯ್ತು. ಪಾಸ್‌ಪೋರ್ಟಿನಲ್ಲಿ ಮೊದಲ ಹೆಸರು ಅಹ್ಮದ್ ಅಂತ ಇದ್ದದ್ದಕ್ಕೆ ಫೇಸ್‌ಬುಕ್ ಅವರನ್ನು ಅಹ್ಮದ್ ರಶ್ದಿ ಮಾಡಿಬಿಟ್ಟಿತ್ತು. ಅವರು ಟ್ವಿಟರ್‌ನಲ್ಲಿ ಗಲಾಟೆ ಮಾಡಿದ ಮೇಲೆ ಸರಿಹೋಯ್ತು. ನಮ್ಮ ಹುಡುಗ ಗಲಾಟೆ ಮಾಡಿದರೆ ಯಾರು ಕೇಳ್ತಾರೆ?

ಗದ್ದರ್ ಅವರನ್ನೇ ತಗೊಳ್ಳಿ. ಗುಮ್ಮಡಿ ವಿಠಲ್ ರಾವ್ ಅಂದರೆ ಎಷ್ಟು ಜನಕ್ಕೆ ಗೊತ್ತಾಗುತ್ತೆ? ಗದ್ದರ್ ಅಂದರೆ ತೆಲುಗು ನೆಲದಲ್ಲಿ ಮಾತ್ರ ಅಲ್ಲ, ನಮ್ಮಲ್ಲೂ ಮೈ ಜುಮ್ಮೆನ್ನುತ್ತೆ. ಹಾಗಾದರೆ ಯಾವುದು ಅವರ ನಿಜವಾದ ಹೆಸರು? ದಾಖಲೆಯದ್ದಾ, ಜನ ಕರೆದದ್ದಾ?

ಈ ಪ್ರಶ್ನೆಗೆ ಕಂಪನಿಯೇ ಒಮ್ಮೆ ಉತ್ತರ ಕೊಟ್ಟಿದೆ. 2014ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡ್ರ್ಯಾಗ್ ಕಲಾವಿದರ, ಅಂದರೆ ಹೆಣ್ಣು ವೇಷ ಕಟ್ಟಿ ವೇದಿಕೆ ಏರುವವರ ಖಾತೆಗಳು ಸಾಲು ಸಾಲಾಗಿ ಬಂದ್ ಆದವು. ಸಿಸ್ಟರ್ ರೋಮಾ ಅನ್ನೋ ವೇದಿಕೆ ಹೆಸರಿನವರು ಮುಂದೆ ನಿಂತು ಹೋರಾಡಿದರು. ಅಕ್ಟೋಬರ್ 1ಕ್ಕೆ ಫೇಸ್‌ಬುಕ್‌ನ ದೊಡ್ಡ ಅಧಿಕಾರಿ ಕ್ರಿಸ್ ಕಾಕ್ಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರು ಹೇಳಿದ ಎರಡು ಮಾತು ನಮಗೆ ಮುಖ್ಯ. ಒಂದು, ಆ ನೂರಾರು ಖಾತೆಗಳನ್ನು ಫೇಕ್ ಅಂತ ರಿಪೋರ್ಟ್ ಮಾಡಿದ್ದು ಒಬ್ಬನೇ ವ್ಯಕ್ತಿ. ಎರಡು, ಕಾನೂನು ದಾಖಲೆಯ ಹೆಸರೇ ಇರಬೇಕು ಅನ್ನೋದು ನಿಯಮವೇ ಅಲ್ಲ. ದಿನನಿತ್ಯದ ಬದುಕಿನಲ್ಲಿ ಜನ ನಿಮ್ಮನ್ನು ಯಾವ ಹೆಸರಿನಿಂದ ಬಲ್ಲರೋ ಆ ಹೆಸರು ಇರಬೇಕು.

ಅಂದರೆ ನಿಯಮ ಹೇಳೋದು ಒಂದು, ನಮ್ಮವರು ಹೆದರಿ ಮಾಡೋದು ಇನ್ನೊಂದು. ಆ ನಿಯಮದ ಒಳಗೇ ನಮಗೆ ದಾರಿ ಇದೆ. ಸರ್ಕಾರಿ ಗುರುತಿನ ಚೀಟಿ ಕೊಡದವರು ಬೇರೆ ಎರಡು ಕಾಗದ ಕೊಡಬಹುದು. ಎರಡರಲ್ಲೂ ಪ್ರೊಫೈಲಿನ ಹೆಸರೇ ಇರಬೇಕು, ಒಂದರಲ್ಲಾದರೂ ಫೋಟೋ ಅಥವಾ ಹುಟ್ಟಿದ ದಿನಾಂಕ ಇರಬೇಕು. ಸಂಘ ಅಥವಾ ಯೂನಿಯನ್ ಸದಸ್ಯತ್ವದ ಕಾರ್ಡು, ಕೆಲಸದ ಐಡಿ, ಲೈಬ್ರರಿ ಕಾರ್ಡು, ಪತ್ರಿಕೆಯ ಚಂದಾ ರಸೀದಿ, ಆ ಹೆಸರಿಗೆ ಬಂದ ಅಂಚೆ, ಇಂಥವೆಲ್ಲ ಆ ಪಟ್ಟಿಯಲ್ಲಿವೆ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಒಬ್ಬ ಹಾಡುಗಾರ. ಮೇಷ್ಟ್ರು ಶಾಲೆ ರಿಜಿಸ್ಟರಿನಲ್ಲಿ ಬರೆದದ್ದು "ಕರಿಯ ಬಿನ್ ಹನುಮಯ್ಯ". ಆಧಾರ್‌ನಲ್ಲೂ ಅದೇ. ಅವನು ಹಾಡೋದು "ಸೂರ್ಯ ನೆಲದನಿ" ಅನ್ನೋ ಹೆಸರಲ್ಲಿ, ಪೋಸ್ಟರ್‌ನಲ್ಲಿರೋದೂ ಅದೇ. ಖಾತೆ ಲಾಕ್ ಆಗಿದೆ. ಅವನು ಏನು ಮಾಡಬೇಕು?

ಮೊದಲ ಕಾಗದ, ಅವನ ಕಲಾತಂಡದ ಅಥವಾ ಸಂಘದ ಸದಸ್ಯತ್ವದ ಕಾರ್ಡು. ಫೋಟೋ, ಸೂರ್ಯ ನೆಲದನಿ ಅನ್ನೋ ಹೆಸರು, ಸಂಘದ ಮೊಹರು, ಕಾರ್ಯದರ್ಶಿ ಸಹಿ. ಎರಡನೆಯದು, ಅದೇ ಹೆಸರಲ್ಲಿ ಕಟ್ಟಿದ ಪತ್ರಿಕೆ ಚಂದಾದ ರಸೀದಿ, ಇಲ್ಲ ಕಾರ್ಯಕ್ರಮದವರು ಅದೇ ಹೆಸರಿಗೆ ಅಂಚೆಯಲ್ಲಿ ಕಳಿಸಿದ ಪತ್ರ. ಲಾಕ್ ಆದ ಮೇಲೆ ಓಡಾಡೋದಲ್ಲ, ಇವತ್ತೇ ಮಾಡಿಸಿಟ್ಟುಕೊಳ್ಳಬೇಕು. ಸುಳ್ಳು ಕಾರ್ಡು ಮಾತ್ರ ಬೇಡವೇ ಬೇಡ. ಸಂಘದ ಸದಸ್ಯರ ಪುಸ್ತಕದಲ್ಲಿ ಅವನ ಹೆಸರು ನಿಜವಾಗಿಯೂ ಇರಬೇಕು. ತಿದ್ದಿದ ಕಾಗದ ಅಂತ ಅನುಮಾನ ಬಂದರೆ ಖಾತೆ ಶಾಶ್ವತವಾಗಿ ಹೋಗಬಹುದು.

ಇಷ್ಟಿದ್ದೂ ತಿರಸ್ಕಾರ ಆಗೋದು ಎಲ್ಲಿ ಗೊತ್ತಾ? ಚಿಕ್ಕ ಚಿಕ್ಕ ವಿಷಯದಲ್ಲಿ. ಕಾರ್ಡಿನಲ್ಲಿ Surya, ಪ್ರೊಫೈಲಿನಲ್ಲಿ Soorya ಇದ್ದರೆ ನೋಡುವವರಿಗೆ ಅವು ಎರಡು ಹೆಸರು. ಅಕ್ಷರ ಅಕ್ಷರ ಒಂದೇ ಇರಲಿ. ನಮ್ಮಲ್ಲಿ ತುಂಬ ಜನ ಪ್ರೊಫೈಲ್ ಚಿತ್ರಕ್ಕೆ ಬಾಬಾಸಾಹೇಬರ ಫೋಟೋ ಹಾಕಿಕೊಂಡಿರ್ತೀವಿ. ಪ್ರೀತಿಯಿಂದ ಹಾಕಿದ್ದೇ, ಆದರೆ ಕಾರ್ಡಿನ ಮುಖಕ್ಕೂ ಪ್ರೊಫೈಲಿನ ಮುಖಕ್ಕೂ ಹೋಲಿಸೋಕೆ ಅಲ್ಲಿ ನಿಮ್ಮ ಮುಖವೇ ಇರಲ್ಲ. ನಿಮ್ಮ ಫೋಟೋ ಹಾಕಿ, ಬಾಬಾಸಾಹೇಬರು ಕವರ್ ಚಿತ್ರದಲ್ಲಿರಲಿ. ಹುಟ್ಟಿದ ದಿನಾಂಕದ್ದೂ ಹಾಗೇ. ಮೇಷ್ಟ್ರು ಅಂದಾಜಲ್ಲಿ ಜೂನ್ 1 ಅಂತ ಬರೆದಿರ್ತಾರೆ, ನಾವು ಪ್ರೊಫೈಲಿನಲ್ಲಿ ಏಪ್ರಿಲ್ 14 ಅಂತ ಹಾಕಿರ್ತೀವಿ. ದಿನಾಂಕ ಇರೋ ಕಾಗದ ಕೊಡೋದಾದರೆ ಎರಡೂ ಒಂದೇ ಇರಲಿ.

ಹೆಸರಿನ ರೂಪಕ್ಕೂ ನಿಯಮ ಇದೆ. ಬಿರುದು, ಘೋಷಣೆ, ಚಿಹ್ನೆ, ಎರಡು ಲಿಪಿ ಬೆರೆಸಿದ ಹೆಸರು ನಡೆಯಲ್ಲ. ಹಾಗಾಗಿ "ಜೈಭೀಮ್ ಸೂರ್ಯ" ಅನ್ನೋದು ರಿಪೋರ್ಟ್ ಮಾಡುವವನಿಗೆ ಸುಲಭದ ತುತ್ತು. ಘೋಷಣೆಯನ್ನು ಬರಹದಲ್ಲಿ ಕೂಗೋಣ, ಹೆಸರಿನ ಜಾಗದಲ್ಲಿ ಹೆಸರಿರಲಿ.

ಇನ್ನೊಂದು ದಾರಿ, ಪೇಜ್ ಮಾಡೋದು. ಪೇಜ್‌ಗೆ ವೇದಿಕೆ ಹೆಸರೇ ಇಡಬಹುದು, ಅದನ್ನು ನಡೆಸುವವರ ಹೆಸರು ಹೊರಗಿನವರಿಗೆ ಕಾಣಲ್ಲ. ಆದರೆ ಪೇಜ್ ನಿಂತಿರೋದು ಒಂದು ವೈಯಕ್ತಿಕ ಖಾತೆ ಮೇಲೆ. ಆ ಖಾತೆ ಲಾಕ್ ಆದರೆ ಬೀಗದ ಕೈ ಒಳಗೇ ಉಳಿದ ಹಾಗೆ. ಅದಕ್ಕೆ ನಂಬಿಕೆಯ ಇನ್ನೊಬ್ಬರಿಗೂ ಪೇಜ್‌ನ ಪೂರ್ತಿ ಹಿಡಿತ ಕೊಟ್ಟಿರಿ.

ಈಗ ನೀಲಿ ಟಿಕ್ ವಿಷಯ. ಮೆಟಾ ಕಂಪನಿಯ ದುಡ್ಡಿನ ಟಿಕ್ 2023ರ ಜೂನ್‌ನಲ್ಲಿ ಭಾರತಕ್ಕೆ ಬಂತು, ಮೊಬೈಲಿನಲ್ಲಿ ತಿಂಗಳಿಗೆ 699 ರೂಪಾಯಿ. ಶರತ್ತು ಏನಂದರೆ ಪ್ರೊಫೈಲಿನ ಹೆಸರು, ಫೋಟೋ ಎರಡೂ ಸರ್ಕಾರಿ ಐಡಿಗೆ ಹೊಂದಬೇಕು. ಖಾತೆ ಉಳಿಸಿಕೊಳ್ಳೋಕೆ ಲೈಬ್ರರಿ ಕಾರ್ಡು ಸಾಕು, ಟಿಕ್ ಬೇಕಾದರೆ ಸರ್ಕಾರಿ ಚೀಟಿಯೇ ಬೇಕು. ಇಲ್ಲೇ ನನ್ನ ತಕರಾರು. ಹುಟ್ಟಿನ ಹೆಸರೇ ವೇದಿಕೆ ಹೆಸರಾಗಿರೋ ಮೇಲ್ಜಾತಿಯ ಗಾಯಕ ತಿಂಗಳ ದುಡ್ಡು ಕಟ್ಟಿ "ಅಸಲಿ" ಆಗ್ತಾನೆ. ಅವಮಾನದ ಹೆಸರು ಬಿಟ್ಟು ತನ್ನ ಹೆಸರನ್ನು ತಾನೇ ಇಟ್ಟುಕೊಂಡವನು ಅದೇ ದುಡ್ಡು ಹಿಡಿದು ಬಾಗಿಲಲ್ಲಿ ನಿಲ್ತಾನೆ. ಅವನ ಹಾಡು ಕದ್ದು ಅವನದೇ ಹೆಸರಲ್ಲಿ ನಕಲಿ ಖಾತೆ ತೆರೆದವನಿಗೂ ಅವನಿಗೂ ಟಿಕ್ ಇಲ್ಲ. ಜನ ಯಾರನ್ನು ನಂಬಬೇಕು?

"ಹಾಗಾದ್ರೆ ಗೆಜೆಟ್‌ನಲ್ಲಿ ಹೆಸರು ಬದಲಿಸ್ಕೊಳ್ಳಿ" ಅಂತ ಸಲಹೆ ಕೊಡುವವರು ಇದ್ದಾರೆ. ಹೇಳೋದು ಸುಲಭ. ಅಫಿಡವಿಟ್, ಪತ್ರಿಕೆ ಜಾಹೀರಾತು, ಗೆಜೆಟ್ ಪ್ರಕಟಣೆ, ಎಲ್ಲಕ್ಕೂ ದುಡ್ಡು ಮತ್ತು ಕೂಲಿ ಬಿಟ್ಟ ದಿನಗಳು. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಸಲ ಅವಕಾಶ. ಅದಕ್ಕಿಂತ ದೊಡ್ಡ ತೊಡಕು ಜಾತಿ ಪ್ರಮಾಣಪತ್ರ. ಅದು, ಅಂಕಪಟ್ಟಿ, ಅಪ್ಪನ ದಾಖಲೆ ಎಲ್ಲ ಹಳೇ ಹೆಸರಿನ ಸರಪಳಿಯಲ್ಲಿವೆ. ಒಂದು ಕೊಂಡಿ ಬದಲಾದರೆ ನಾಳೆ ಮೀಸಲಾತಿಯ ಕೆಲಸಕ್ಕೆ ಹೋದಾಗ "ಈ ಕರಿಯ ಯಾರು, ಈ ಸೂರ್ಯ ಯಾರು" ಅಂತ ಕೇಳ್ತಾರೆ. ಬೇಕು ಅನ್ನಿಸಿದವರು ಖಂಡಿತ ಬದಲಿಸಿಕೊಳ್ಳಲಿ, ಅದು ಅವರ ಹಕ್ಕು. ಆದರೆ ಒಂದು ಆಪ್‌ನ ಟಿಕ್‌ಗೋಸ್ಕರ ಆ ಸರಪಳಿ ಮುರಿಬೇಡಿ.

ಎಲ್ಲ ಕೊಟ್ಟರೂ ಖಾತೆ ಬರಲಿಲ್ಲ ಅಂದರೆ? 2021ರ ಐಟಿ ನಿಯಮಗಳ ಪ್ರಕಾರ ಕಂಪನಿಗೆ ಭಾರತದ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಬಂತು ಅಂತ 24 ಗಂಟೆಯೊಳಗೆ ಹೇಳಬೇಕು, 7 ದಿನದೊಳಗೆ ಇತ್ಯರ್ಥ ಮಾಡಬೇಕು. ಉತ್ತರ ಸರಿ ಇಲ್ಲ ಅಂದರೆ 30 ದಿನದೊಳಗೆ gac.gov.in ನಲ್ಲಿ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಅದಕ್ಕೇ ಲಾಕ್ ಆದ ಪರದೆ, ಕಳಿಸಿದ ಕಾಗದ, ದೂರಿನ ಸಂಖ್ಯೆ, ಪ್ರತಿಯೊಂದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದೂರಿನಲ್ಲಿ "ನನ್ನ ಖಾತೆ ಕೊಡಿ" ಅಂತ ಬೇಡಬೇಡಿ. "ನಿಮ್ಮ ನಿಯಮ ದಿನನಿತ್ಯದ ಹೆಸರು ಅನ್ನುತ್ತೆ. ಇದು ನನ್ನ ದಿನನಿತ್ಯದ ಹೆಸರು, ಇಗೋ ಎರಡು ಪುರಾವೆ" ಅಂತ ಬರೆಯಿರಿ.

ಕೊನೆಗೆ ನಮ್ಮವರಿಗೇ ಒಂದು ಮಾತು. ಜಾತಿ ಬೈಗುಳದ ಟ್ರೋಲ್‌ಗಳನ್ನು ನಿಲ್ಲಿಸೋಕೆ ಎಲ್ಲ ಖಾತೆಗೂ ಆಧಾರ್ ಜೋಡಿಸಿ ಅಂತ ನಮ್ಮ ಕೆಲವು ಗೆಳೆಯರೂ ಕೇಳ್ತಾರೆ. ಸಿಟ್ಟು ಅರ್ಥ ಆಗುತ್ತೆ. ಆದರೆ ನಮ್ಮನ್ನು ಬೈಯುವ ಎಷ್ಟೋ ಜನ ಜಾತಿ ಸರ್‌ನೇಮ್ ಸಮೇತ, ಮದುವೆ ಫೋಟೋ ಸಮೇತ ಬೈಯ್ತಾರೆ. ಅವರಿಗೆ ನಿಜ ಹೆಸರು ರಕ್ಷಣೆ, ನಮಗೆ ಅದು ಮನೆ ವಿಳಾಸ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಿಗೆ ನಿಜ ಹೆಸರಿನ ಪರಿಶೀಲನೆ ಕಡ್ಡಾಯ ಮಾಡಿತ್ತು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೇ ಅದನ್ನು ರದ್ದು ಮಾಡ್ತು. ನಮ್ಮ ಐಟಿ ನಿಯಮದಲ್ಲೂ ಖಾತೆ ಪರಿಶೀಲನೆ ಬಳಕೆದಾರರ ಇಚ್ಛೆಗೆ ಬಿಟ್ಟದ್ದು. ಅದೇ ನಿಯಮ ಇಚ್ಛೆಯಿಂದ ಪರಿಶೀಲನೆ ಮಾಡಿಸಿಕೊಂಡವರಿಗೆ ಎಲ್ಲರಿಗೂ ಕಾಣುವ ಗುರುತು ಕೊಡಬೇಕು ಅನ್ನುತ್ತೆ, ಉದಾಹರಣೆಗೆ ಮೊಬೈಲ್ ನಂಬರಿನಿಂದಲೂ ಪರಿಶೀಲಿಸಬಹುದು ಅನ್ನುತ್ತೆ. ಹಾಗಿದ್ದಾಗ ಕಾಸು ಯಾಕೆ, ಸರ್ಕಾರಿ ಚೀಟಿಯ ಹೆಸರೇ ಯಾಕೆ? ನಾವು ಎತ್ತಬೇಕಾದ ಪ್ರಶ್ನೆ ಇದು.

ನಿಮ್ಮ ಕಲಾತಂಡಕ್ಕೆ ಸದಸ್ಯತ್ವದ ಕಾರ್ಡು ಇಲ್ಲ ಅಂದರೆ ಮುಂದಿನ ಸಭೆಯಲ್ಲೇ ತೀರ್ಮಾನ ಮಾಡಿ. ಹಾಡೋ ಹೆಸರು, ಫೋಟೋ, ಹುಟ್ಟಿದ ದಿನಾಂಕ, ಮೊಹರು. ಕಾರ್ಡು ಮಾಡಿಸೋಕೆ ಹೆಚ್ಚು ಖರ್ಚೇನೂ ಬರಲ್ಲ. ನಮ್ಮ ಹೆಸರಿಗೆ ನಮ್ಮ ಸಂಘವೇ ಸಾಕ್ಷಿ ಹೇಳಲಿ.

ಜೈಭೀಮ್.